ತೊಂಬತ್ತು ಸೆಕೆಂಡಿನ ಪರಿಚಯ: ವಿದೇಶಿ ವಿಶ್ವವಿದ್ಯಾಲಯದ ವಿಡಿಯೊ ಸಂದರ್ಶನಕ್ಕೆ ಅಂಜುವವರ ತಯಾರಿ

ವಿಡಿಯೊ ಕಳಿಸಿ ಎಂದು ವಿಶ್ವವಿದ್ಯಾಲಯದ ಮೇಲ್‌ ಬಂದ ಕೂಡಲೇ ಫೋನ್‌ ಎತ್ತಿಕೊಂಡು ಮಾತಾಡಲು ಶುರು ಮಾಡಬೇಡಿ. ಮೊದಲು ಆ ಮೇಲನ್ನು ಎರಡು ಸಲ ಓದಿ, ನಿಮ್ಮಿಂದ ಕೇಳಿರುವುದು ಯಾವ ಬಗೆಯ ವಿಡಿಯೊ ಎಂದು ಗೊತ್ತು ಮಾಡಿಕೊಳ್ಳಿ. ಸ್ವಪರಿಚಯದ ವಿಡಿಯೊದಲ್ಲಿ ಎರಡು ಬಗೆ ಇವೆ. ಒಂದರಲ್ಲಿ ನೀವೇ ಮನೆಯಲ್ಲಿ ರೆಕಾರ್ಡ್‌ ಮಾಡಿ, ಸರಿ ಅನ್ನಿಸಿದ್ದನ್ನು ಆರಿಸಿ ಅಪ್‌ಲೋಡ್‌ ಮಾಡುತ್ತೀರಿ. ಇನ್ನೊಂದರಲ್ಲಿ ಕೀರಾ ಟ್ಯಾಲೆಂಟ್‌ನಂಥ ತಾಣದೊಳಗೆ ಲಾಗಿನ್‌ ಆಗಬೇಕು. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು ಸ್ವಲ್ಪ ಹೊತ್ತು ಸಿಗುತ್ತದೆ, ಆಮೇಲೆ ರೆಕಾರ್ಡಿಂಗ್‌ ತಾನಾಗಿಯೇ ಶುರುವಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಒಂದೇ ಅವಕಾಶ. ಯೋಚನೆಗೆ ಎಷ್ಟು ಸೆಕೆಂಡ್‌, ಉತ್ತರಕ್ಕೆ ಎಷ್ಟು ಎಂಬುದು ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ಥರ, ಹಾಗಾಗಿ ನಿಮ್ಮ ಮೇಲ್‌ನಲ್ಲಿರುವ ಅಂಕಿಯನ್ನೇ ನಂಬಿ, ಸೀನಿಯರ್‌ ಹೇಳಿದ್ದನ್ನಲ್ಲ.

ಇಲ್ಲಿ ಮುಖ್ಯವಾಗಿ ಮೊದಲ ಬಗೆಯನ್ನು, ಅಂದರೆ ತೊಂಬತ್ತು ಸೆಕೆಂಡಿನ ಪರಿಚಯವನ್ನು ಇಂಗ್ಲಿಷಿನಲ್ಲಿ ಹೇಳಿ ಕಳಿಸುವುದನ್ನು ಹಿಡಿದು ನೋಡೋಣ. ಅದನ್ನು ಚೆನ್ನಾಗಿ ಮಾಡಿಕೊಂಡವರಿಗೆ ಎರಡನೆಯದು ಅರ್ಧ ಮುಗಿದ ಹಾಗೆ. ಅದರಲ್ಲಿ ಬೇರೆಯಾಗುವುದೇನು ಎಂಬುದು ಕೊನೆಗೆ ಬರುತ್ತದೆ.

ಏನು ಹೇಳುವುದು

ಅಂಜಿಕೆ ಇರುವವರು ಮಾಡುವ ಮೊದಲ ತಪ್ಪು ಎಲ್ಲವನ್ನೂ ಹೇಳಲು ಹೊರಡುವುದು. ಎಸ್ಸೆಸ್ಸೆಲ್ಸಿ ಅಂಕ, ಪಿಯು ಅಂಕ, ಅಪ್ಪ ಅಮ್ಮನ ಕೆಲಸ, ಹವ್ಯಾಸ, ಬಹುಮಾನ ಎಲ್ಲ ಸೇರಿ ತೊಂಬತ್ತು ಸೆಕೆಂಡ್‌ ಪಟ್ಟಿಯಾಗಿಬಿಡುತ್ತದೆ. ಅವೆಲ್ಲ ಅರ್ಜಿಯಲ್ಲಿ ಆಗಲೇ ಇವೆ. ವಿಡಿಯೊ ನೋಡುವವರಿಗೆ ಬೇಕಾದದ್ದು ಅರ್ಜಿಯಲ್ಲಿ ಕಾಣದ ಸಂಗತಿ: ಈ ವ್ಯಕ್ತಿ ತಾನು ಮಾಡಿದ ಒಂದು ಕೆಲಸವನ್ನು ಇನ್ನೊಬ್ಬರಿಗೆ ತಿಳಿಯುವ ಹಾಗೆ ಹೇಳಬಲ್ಲರೇ, ತರಗತಿಯ ಭಾಷೆಯಲ್ಲಿ ಮಾತಾಡಬಲ್ಲರೇ ಎಂಬುದು. ಆದ್ದರಿಂದ ಒಂದೇ ಕೆಲಸ ಆರಿಸಿಕೊಳ್ಳಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ತೋಟಗಾರಿಕೆಯಲ್ಲಿ ಬಿ.ಎಸ್ಸಿ. ಮುಗಿಸಿ, ಸಸ್ಯ ಆರೋಗ್ಯದ ಎಂ.ಎಸ್ಸಿ.ಗೆ ಯುರೋಪಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾಳೆ ಎಂದುಕೊಳ್ಳಿ. ಅವಳು ಕಾಲೇಜಿನ ಪ್ರಾಜೆಕ್ಟ್‌ನಲ್ಲಿ ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕದ ಹುಳು ಬಿದ್ದ ಗಿಡಗಳನ್ನು ಹುಡುಕಿದ್ದಾಳೆ, ಅಂದರೆ ನಮ್ಮ ಕಡೆ ಎಲ್ಲರೂ ಹೇಳುವ ಬೋರರ್‌ ಟ್ರೇಸಿಂಗ್‌. ಅವಳ ಮೊದಲ ಕರಡು ಹೀಗಿರುತ್ತದೆ: ‘ನನಗೆ ಚಿಕ್ಕಂದಿನಿಂದ ಕೃಷಿಯಲ್ಲಿ ಆಸಕ್ತಿ. ನಾನು ಶ್ರಮಜೀವಿ, ತಂಡದೊಂದಿಗೆ ಬೆರೆಯುವವಳು. ಬೋರರ್‌ ಬಗ್ಗೆ ಪ್ರಾಜೆಕ್ಟ್‌ ಮಾಡಿದ್ದೇನೆ.’ ಈ ಮಾತನ್ನು ಯಾರು ಬೇಕಾದರೂ ಹೇಳಬಹುದು. ಇಡೀ ಕರಡಿನಲ್ಲಿ ಅವಳದ್ದು ಎನ್ನುವಂಥದ್ದು ಬೋರರ್‌ ಒಂದೇ, ಅದು ಒಂದು ಸಾಲಿನಲ್ಲಿ ಮುಗಿದುಹೋಯಿತು.

ಇದನ್ನು ಸರಿಪಡಿಸಲು ಪೆನ್ನು ಹಿಡಿಯಬೇಡಿ, ಬಾಯಿಬಿಡಿ. ಮನೆಯಲ್ಲಿ ಯಾರಿಗಾದರೂ ಆ ಕೆಲಸದ ಬಗ್ಗೆ ಕನ್ನಡದಲ್ಲೇ ಹೇಳಿ, ಫೋನ್‌ನಲ್ಲಿ ಧ್ವನಿ ಮಾತ್ರ ರೆಕಾರ್ಡ್‌ ಮಾಡಿಕೊಳ್ಳಿ. ‘ಅಜ್ಜಿ, ಬೋರರ್‌ ಹೊಡೆದ ಗಿಡ ಎಲ್ಲಿ ಜಾಸ್ತಿ ಸಿಕ್ತು ಗೊತ್ತಾ? ಸಿಲ್ವರ್‌ ಕಪಾತು ಮಾಡಿ ಬಿಸಿಲು ಬಿದ್ದಿತ್ತಲ್ಲ, ಆ ಪಟ್ಟೆಲಿ.’ ಅಜ್ಜಿ ತಿರುಗಿ ಕೇಳುತ್ತಾರೆ: ‘ಹೊರಗಿಂದ ನೋಡಿದ್ರೆ ಹೆಂಗೆ ಗೊತ್ತಾಗುತ್ತೆ ಮಗಾ?’ ಆಗ ಅವಳು ತೊಗಟೆಯ ಮೇಲೆ ಬೆರಳಾಡಿಸಿದರೆ ಸಿಗುವ ಏಣಿನ ಬಗ್ಗೆ ಹೇಳುತ್ತಾಳೆ. ವಿಡಿಯೊದ ನಡುಭಾಗ ಇದೇ. ಹೀಗೆ ಹೇಳುವಾಗ ಬರುವ ಕ್ರಮ, ಬರುವ ವಿವರ ಬರೆಯಲು ಕುಳಿತರೆ ಬರುವುದಿಲ್ಲ. ಬರೆಯಲು ಕೂತ ತಕ್ಷಣ ಕೈಗೆ ‘ಆಸಕ್ತಿ’, ‘ಶ್ರಮಜೀವಿ’ಗಳೇ ಬರುತ್ತವೆ.

ರೆಕಾರ್ಡಿಂಗ್‌ ಕೇಳಿಕೊಂಡು ಈ ಅಳತೆಯಲ್ಲಿ ಕಟ್ಟಿ. ಹೆಸರು, ಊರು, ಓದು ಹತ್ತು ಸೆಕೆಂಡಿನೊಳಗೆ ಮುಗಿಯಲಿ. ಮಾಡಿದ ಕೆಲಸಕ್ಕೆ ಮೂವತ್ತೈದರಿಂದ ನಲವತ್ತು ಸೆಕೆಂಡ್‌. ಆ ಕೆಲಸದಲ್ಲಿ ಬಿಡಿಸಲಾಗದೆ ಉಳಿದ ಪ್ರಶ್ನೆಗೆ ಹದಿನೈದು. ಆ ಪ್ರಶ್ನೆಗೂ ನೀವು ಸೇರಬೇಕೆಂದಿರುವ ಕೋರ್ಸಿಗೂ ಏನು ಸಂಬಂಧ ಎಂಬುದಕ್ಕೆ ಇನ್ನೊಂದು ಹದಿನೈದು. ಎಲ್ಲ ಸೇರಿ ಎಂಬತ್ತು ಸೆಕೆಂಡ್‌. ಉಳಿದ ಹತ್ತನ್ನು ಮುಟ್ಟಬೇಡಿ, ಅದು ಉಸಿರಿಗೆ, ತಡವರಿಕೆಗೆ. ಇಂಗ್ಲಿಷನ್ನು ಆರಾಮಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 130 ಪದ ಆಗುತ್ತದೆ. ಎಂಬತ್ತು ಸೆಕೆಂಡಿಗೆ 170 ಪದ. ನಿಮ್ಮ ಕರಡು 220 ಪದ ಇದ್ದರೆ ವೇಗ ಹೆಚ್ಚಿಸಿ ತುರುಕಲು ಹೋಗಬೇಡಿ, 50 ಪದ ಕಿತ್ತುಹಾಕಿ.

ನಮ್ಮ ಉದಾಹರಣೆಯ ಹುಡುಗಿಯ ಮಾತು ಕೊನೆಗೆ ಈ ಅರ್ಥದಲ್ಲಿ ನಿಲ್ಲುತ್ತದೆ, ಅವಳು ಹೇಳುವುದು ಸರಳ ಇಂಗ್ಲಿಷಿನಲ್ಲಿ:

‘ನಮಸ್ಕಾರ. ನಾನು ದಕ್ಷಿಣ ಭಾರತದ ಕಾಫಿ ಬೆಳೆಯುವ ಗುಡ್ಡಗಾಡು ಜಿಲ್ಲೆ ಚಿಕ್ಕಮಗಳೂರಿನವಳು. ತೋಟಗಾರಿಕೆ ಓದಿದ್ದೇನೆ. ನಮ್ಮಲ್ಲಿ ಅರೇಬಿಕಾ ಗಿಡವನ್ನು ಒಳಗಿನಿಂದ ಕೊರೆದು ಕೊಲ್ಲುವ ಒಂದು ದುಂಬಿ ಇದೆ. ಕಳೆದ ಸೆಪ್ಟೆಂಬರಿನಲ್ಲಿ ಅರ್ಧ ಎಕರೆಯ 600 ಗಿಡಗಳ ಕಾಂಡವನ್ನು ಒಂದೊಂದಾಗಿ ಕೈಯಲ್ಲಿ ಮುಟ್ಟಿ ನೋಡಿದೆ. ಹುಳು ಒಳಗಿದ್ದರೆ ತೊಗಟೆಯ ಮೇಲೆ ಏಣು ಸಿಗುತ್ತದೆ. 47 ಗಿಡಗಳಲ್ಲಿ ಸಿಕ್ಕಿತು. ಅವನ್ನು ನಕ್ಷೆಯಲ್ಲಿ ಗುರುತಿಸಿದಾಗ ಹೆಚ್ಚಿನವು ನೆರಳು ತೆಗೆದ ಒಂದು ಪಟ್ಟೆಯಲ್ಲಿದ್ದವು. ಆದರೆ ಏಣು ಕಾಣುವ ಹೊತ್ತಿಗೆ ಗಿಡ ಕಿತ್ತು ಸುಡುವುದೊಂದೇ ದಾರಿ. ಅದಕ್ಕೂ ಮೊದಲೇ ಪತ್ತೆ ಮಾಡುವುದು ಹೇಗೆ ಎಂಬುದು ನನ್ನಲ್ಲಿ ಉಳಿದ ಪ್ರಶ್ನೆ. ನಿಮ್ಮ ಕೋರ್ಸಿನಲ್ಲಿ ಕೀಟಗಳನ್ನು ಬೇಗ ಗುರುತಿಸುವ ವಿಧಾನಗಳ ಪಾಠ ಇರುವುದರಿಂದಲೇ ಅರ್ಜಿ ಹಾಕಿದ್ದೇನೆ. ಧನ್ಯವಾದ.’

ಇದರಲ್ಲಿ ಗಮನಿಸಬೇಕಾದದ್ದು ಎರಡು. ಮೂಡಿಗೆರೆ ಎಂಬ ಹೆಸರು ಇಲ್ಲ. ನೋಡುವವರಿಗೆ ಅದು ಏನೂ ಹೇಳುವುದಿಲ್ಲ, ‘ಕಾಫಿ ಬೆಳೆಯುವ ಗುಡ್ಡಗಾಡು ಜಿಲ್ಲೆ’ ಎಂದರೆ ಚಿತ್ರ ಮೂಡುತ್ತದೆ. ಎರಡನೆಯದು, ಕೀಟದ ಲ್ಯಾಟಿನ್‌ ಹೆಸರು ಇಲ್ಲ. Xylotrechus quadripes ಎಂದು ಬಾಯಿಪಾಠ ಮಾಡಿದರೆ ಅಂಜಿಕೆಯ ಹೊತ್ತಿನಲ್ಲಿ ನಾಲಿಗೆ ತೊಡರುವುದು ಅಲ್ಲೇ. ಅರ್ಜಿಯಲ್ಲಿ ಬರೆದರೆ ಸಾಕು. ಕೊನೆಯ ಸಾಲಿನ ‘ಪಾಠ ಇದೆ’ ಎನ್ನುವ ಮಾತನ್ನು ವಿಶ್ವವಿದ್ಯಾಲಯದ ಕೋರ್ಸ್‌ ಪುಟ ತೆರೆದು ನೋಡಿ, ಇದ್ದರೆ ಮಾತ್ರ ಹೇಳಬೇಕು.

ಬಾಯಿಪಾಠ ಬೇಡ, ಐದು ಪದ ಸಾಕು

ಮೇಲಿನದನ್ನು ಅಕ್ಷರಶಃ ಉರು ಹೊಡೆದರೆ ಒಂದು ಪದ ಮರೆತ ಕೂಡಲೇ ಮುಂದಿನದೆಲ್ಲ ಕೈಕೊಡುತ್ತದೆ, ಏಕೆಂದರೆ ಒಂದೊಂದು ಪದವೂ ಹಿಂದಿನ ಪದಕ್ಕೆ ಜೋತುಬಿದ್ದಿರುತ್ತದೆ. ನೆನಪಿಸಿಕೊಳ್ಳುವಾಗ ಕಣ್ಣು ಮೇಲಕ್ಕೆ ಹೋಗುತ್ತದೆ, ದನಿ ಮಗ್ಗಿ ಒಪ್ಪಿಸುವ ದನಿಯಾಗುತ್ತದೆ. ಪರದೆಯಲ್ಲಿ ಇಟ್ಟುಕೊಂಡು ಓದಿದರೂ ಸಿಕ್ಕಿಬೀಳುತ್ತೀರಿ: ಕಣ್ಣುಗುಡ್ಡೆ ಎಡದಿಂದ ಬಲಕ್ಕೆ ಹೋಗಿ ಸರಕ್ಕನೆ ಎಡಕ್ಕೆ ಮರಳುವುದು ವಿಡಿಯೊದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬದಲಿಗೆ ಐದು ಪದ ಬರೆದುಕೊಳ್ಳಿ. ಇಲ್ಲಿ ಅವು: ಜಿಲ್ಲೆ, 600, ಏಣು, ಬಿಸಿಲಿನ ಪಟ್ಟೆ, ಬೇಗ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್‌ ಪದ ಬರೆದರೆ ಅದೇ ಪದದಿಂದ ವಾಕ್ಯ ಕಟ್ಟಲು ಮನಸ್ಸು ಹೆಣಗುತ್ತದೆ, ಕನ್ನಡ ಪದವಾದರೆ ಸಂಗತಿ ಕಣ್ಮುಂದೆ ಬರುತ್ತದೆ, ವಾಕ್ಯ ಹೇಗಾದರೂ ಆಗುತ್ತದೆ. ಚೀಟಿಯನ್ನು ಕ್ಯಾಮೆರಾದ ಪಕ್ಕಕ್ಕೇ, ಒಂದಂಗುಲದೊಳಗೆ ಅಂಟಿಸಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ, ಈ ಎರಡು ಮಾತ್ರ ಅಕ್ಷರಶಃ ಬಾಯಿಗೆ ಬರಬೇಕು. ಮೊದಲನೆಯದು ನಿದ್ದೆಗಣ್ಣಲ್ಲಿ ಕೇಳಿದರೂ ಬರುವಷ್ಟು ಪಕ್ಕಾ ಆಗಿರಲಿ, ಏಕೆಂದರೆ ಅಂಜಿಕೆ ಅತಿ ಹೆಚ್ಚಿರುವುದು ಆಗಲೇ. ಕೊನೆಯದು ಗೊತ್ತಿಲ್ಲದಿದ್ದರೆ ಮಾತು ನಿಲ್ಲಿಸಲು ಗೊತ್ತಾಗದೆ ‘ದಟ್ಸ್‌ ಆಲ್‌’ ಎಂದು ನುಂಗುತ್ತಾ ಫೋನ್‌ ಕಡೆ ಕೈ ಚಾಚುತ್ತೀರಿ.

ನಾಲಿಗೆ ಮತ್ತು ಉಸಿರು

ಕನ್ನಡದವರ ಇಂಗ್ಲಿಷ್‌ ಕನ್ನಡದವರ ಇಂಗ್ಲಿಷಿನ ಹಾಗೆ ಕೇಳುವುದು ತಪ್ಪಲ್ಲ. ದನಿ ಬದಲಿಸಿ ಅಮೆರಿಕದವರಂತೆ ಮಾತಾಡಲು ಹೋದರೆ ಇಪ್ಪತ್ತನೇ ಸೆಕೆಂಡಿಗೆ ಅದು ಕಳಚಿ ಬೀಳುತ್ತದೆ. ಕೇಳುವವರಿಗೆ ತೊಡಕಾಗುವ ಕೆಲವು ಜಾಗಗಳನ್ನು ಮಾತ್ರ ನೋಡಿಕೊಳ್ಳಿ. ಅಂಜಿದಾಗ ನಮ್ಮ ನಾಲಿಗೆ ಪದದ ಕೊನೆಗೆ ಉಕಾರ ಅಂಟಿಸುತ್ತದೆ: ಪ್ರಾಜೆಕ್ಟು, ಪ್ಲಾಂಟು, ಸ್ಟೆಮ್ಮು. ಮುಂದಿನ ಪದ ಸಿಗದಿದ್ದರೆ ಆ ಉಕಾರವನ್ನೇ ಎಳೆಯುತ್ತೇವೆ, ‘ಪ್ಲಾಂಟುಊ...’ ಎಂದು. ಮದ್ದು ಸರಳ: ಪದ ಮುಗಿದಲ್ಲಿ ಬಾಯಿ ಮುಚ್ಚಿ. ಒಂದು ಸೆಕೆಂಡಿನ ಮೌನ ನಿಮಗೆ ಯುಗದಂತೆ ಅನ್ನಿಸುತ್ತದೆ, ನೋಡುವವರಿಗೆ ಅದು ಯೋಚನೆಯಂತೆ ಕಾಣುತ್ತದೆ. ಎಕಾರದ ಹಿಂದೆ ಯಕಾರ, ಒಕಾರದ ಹಿಂದೆ ವಕಾರ ಸೇರುವುದೂ ಇದೆ, ಯೆವ್ರಿ, ವೋನ್ಲಿ ಎಂದು. ನಿಮ್ಮ ಕರಡಿನಲ್ಲಿ ಅಂಥ ಪದ ಇದ್ದರೆ ಅಡಿಗೆರೆ ಹಾಕಿ ಹತ್ತು ಸಲ ಹೇಳಿಕೊಳ್ಳಿ. ‘ಮೈಸೆಲ್ಫ್‌’ ಎಂದು ಶುರು ಮಾಡುವ ರೂಢಿಯನ್ನು ಬಿಟ್ಟು ‘ಐ ಆ್ಯಮ್‌’ ಎನ್ನಿ.

ಹೆದರಿಕೆಯಲ್ಲಿ ಉಸಿರು ಎದೆಯ ಮೇಲ್ಭಾಗಕ್ಕೆ ಸೇರುತ್ತದೆ, ಬಾಯಿ ಒಣಗುತ್ತದೆ, ಗಂಟಲು ಬಿಗಿದು ದನಿ ಏರುತ್ತದೆ. ಬಹಳ ಮಂದಿ ರೆಕಾರ್ಡ್‌ ಒತ್ತುವ ಮುಂಚೆ ದೊಡ್ಡ ಉಸಿರೆಳೆದುಕೊಂಡು, ಅದು ತುಂಬಿರುವಾಗಲೇ ಮಾತು ಶುರು ಮಾಡುತ್ತಾರೆ. ಅದರಿಂದ ಬಿಗಿತ ಹೆಚ್ಚುತ್ತದೆ. ನಿಧಾನವಾಗಿ ಉಸಿರನ್ನು ಪೂರ್ತಿ ಹೊರಬಿಡಿ, ತಾನಾಗಿ ಒಳಬರುವ ಚಿಕ್ಕ ಉಸಿರಿನಲ್ಲಿ ‘ನಮಸ್ಕಾರ’ ಎನ್ನಿ. ಬಿಸಿನೀರು ಪಕ್ಕದಲ್ಲಿರಲಿ. ಕಾಫಿ ಬೇಕೇ ಬೇಕು ಅನ್ನುವವರು ರೆಕಾರ್ಡಿಂಗ್‌ ಮುಗಿಸಿ ಕುಡಿಯಿರಿ, ಎದೆ ಆಗಲೇ ಹೊಡೆದುಕೊಳ್ಳುತ್ತಿರುವಾಗ ಕೆಫೀನ್‌ ಅದನ್ನು ಹೆಚ್ಚಿಸುತ್ತದೆ. ಕೈ ನಡುಗುತ್ತಿದ್ದರೆ ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿ, ಪೆನ್ನು ಹಿಡಿಯಬೇಡಿ. ಪೆನ್ನಿನ ತುದಿ ನಡುಕವನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಕೋಣೆ, ಬೆಳಕು, ಸದ್ದು

ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ದೊಡ್ಡ ತೊಡಕು ಸದ್ದಿನದು. ಶೀಟ್‌ ಅಥವಾ ಹೆಂಚಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ರೆಕಾರ್ಡ್‌ ಮಾಡಲೇಬೇಡಿ. ನಿಮ್ಮ ಕಿವಿ ಮಳೆಯನ್ನು ಬದಿಗಿಟ್ಟು ಮಾತನ್ನಷ್ಟೇ ಕೇಳುತ್ತದೆ, ಮೈಕ್‌ ಹಾಗೆ ಮಾಡುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕೊನೆಯ ದಿನಾಂಕ ಇದ್ದರೆ ಒಂದು ವಾರ ಮುಂಚಿನಿಂದಲೇ ಹೊಳವಾದ ಗಳಿಗೆಗೆ ಕಾಯಬೇಕಾಗುತ್ತದೆ. ರೆಡ್‌ಆಕ್ಸೈಡ್‌ ನೆಲ, ಬೋಳು ಗೋಡೆಯ ಹಜಾರಕ್ಕಿಂತ ಬಟ್ಟೆ, ಹಾಸಿಗೆ ತುಂಬಿದ ಚಿಕ್ಕ ಮಲಗುವ ಕೋಣೆ ಎಷ್ಟೋ ಮೇಲು. ಚಪ್ಪಾಳೆ ತಟ್ಟಿ ನೋಡಿ, ಸದ್ದು ಗುಂಯ್‌ ಎಂದು ಉಳಿದರೆ ಕ್ಯಾಮೆರಾದ ಹಿಂದೆ ಒಂದು ಕಂಬಳಿ ನೇತುಹಾಕಿ. ಮೈಕಿಗೆ ತಂತಿಯಿರುವ ಇಯರ್‌ಫೋನ್‌ ಸಾಕು, ಬ್ಲೂಟೂತ್‌ ಬೇಡ. ಬ್ಲೂಟೂತ್‌ ಮೈಕ್‌ ಬಳಸಿದಾಗ ಧ್ವನಿ ಸಾಮಾನ್ಯವಾಗಿ ಫೋನ್‌ ಕರೆಯ ಮಟ್ಟಕ್ಕೆ ಇಳಿಯುತ್ತದೆ. ತಂತಿಯ ಮೈಕ್‌ ಅಂಗಿಯ ಗುಂಡಿಗೆ, ಸರಕ್ಕೆ ಉಜ್ಜದಂತೆ ನೋಡಿಕೊಳ್ಳಿ.

ಬೆಳಕಿಗೆ ಕಿಟಕಿಯ ಎದುರು ಕೂರಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪು ನೆರಳಾಗುತ್ತದೆ. ನೇರ ಬಿಸಿಲು ಬೇಡ. ಮೋಡದ ದಿನದ ಕಿಟಕಿಯ ಬೆಳಕೇ ಚೆನ್ನ, ಮಲೆನಾಡಿನವರಿಗೆ ಅದಕ್ಕೇನೂ ಬರವಿಲ್ಲ. ರಾತ್ರಿ ಎಲ್‌ಇಡಿ ಬಲ್ಬಿನಡಿ ಮಾಡಲೇಬೇಕಾಗಿ ಬಂದು, ಪರದೆಯ ಮೇಲೆ ಮಬ್ಬು ಪಟ್ಟೆಗಳು ಹರಿದಂತೆ ಕಂಡರೆ, ಅದು ನಮ್ಮ 50 ಹರ್ಟ್ಜ್‌ ವಿದ್ಯುತ್ತಿಗೂ ಕ್ಯಾಮೆರಾದ ವೇಗಕ್ಕೂ ತಾಳೆಯಾಗದ್ದರಿಂದ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಫ್ಲಿಕರ್‌ ತಡೆಯುವ ಆಯ್ಕೆ ಇದ್ದರೆ 50 Hz ಇಡಿ.

ಫೋನನ್ನು ಅಡ್ಡ ಹಿಡಿದ ಹಾಗೆ, ಕಣ್ಣಿನ ಮಟ್ಟಕ್ಕೆ, ತೋಳಳತೆಯ ದೂರದಲ್ಲಿ ಪುಸ್ತಕಗಳ ರಾಶಿಗೆ ಒರಗಿಸಿ. ಲೆನ್ಸನ್ನು ಮೊದಲು ಹತ್ತಿಬಟ್ಟೆಯಲ್ಲಿ ಒರೆಸಿ, ಬೆರಳಿನ ಜಿಡ್ಡು ಇದ್ದರೆ ಇಡೀ ಚಿತ್ರ ಮಂಜು ಕವಿದಂತಾಗುತ್ತದೆ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು: ಪರದೆಯಲ್ಲಿ ಕಾಣುವ ನಿಮ್ಮ ಮುಖವನ್ನು ಒಂದು ಹಾಳೆಯಿಂದ ಮುಚ್ಚಿ. ಅಂಜುವವರ ಕಣ್ಣು ತಮ್ಮ ಮುಖದ ಮೇಲೆಯೇ ಇರುತ್ತದೆ, ‘ಹೇಗೆ ಕಾಣ್ತಿದೀನಿ’ ಎಂಬ ಯೋಚನೆ ಮಾತನ್ನು ನುಂಗುತ್ತದೆ, ನೋಡುವವರಿಗೆ ನೀವು ಎಲ್ಲೋ ಪಕ್ಕಕ್ಕೆ ನೋಡುತ್ತಿರುವಂತೆ ಕಾಣುತ್ತದೆ. ಹಾಳೆ ಮುಚ್ಚಿದರೆ ನೋಡಲು ಲೆನ್ಸ್‌ ಒಂದೇ ಉಳಿಯುತ್ತದೆ. ಈ ಒಂದು ಹಾಳೆಯಿಂದ ಆಗುವಷ್ಟು ಸುಧಾರಣೆ ದುಬಾರಿ ರಿಂಗ್‌ಲೈಟಿನಿಂದಲೂ ಆಗುವುದಿಲ್ಲ.

ಎಷ್ಟು ಸಲ, ಯಾವುದನ್ನು ಆರಿಸುವುದು

ಮೊದಲ ದಿನ ಧ್ವನಿ ಮಾತ್ರ, ಮೂರು ಸಲ. ಎರಡನೇ ದಿನ ವಿಡಿಯೊ, ಐದು ಸಲಕ್ಕಿಂತ ಹೆಚ್ಚಿಲ್ಲ. ಮೊದಲನೆಯದರಲ್ಲಿ ಅಂಜಿಕೆ ಕಾಣುತ್ತದೆ, ಮೂರನೆಯ ನಾಲ್ಕನೆಯದರಲ್ಲಿ ಮಾತು ಸಡಿಲವಾಗುತ್ತದೆ, ಏಳೆಂಟು ದಾಟಿದರೆ ಮುಖದಲ್ಲಿ ಜೀವ ಇರುವುದಿಲ್ಲ. ಮಧ್ಯೆ ಒಂದು ಪದ ತಪ್ಪಿದರೆ ನಿಲ್ಲಿಸಬೇಡಿ, ಸರಿಪಡಿಸಿ ಮುಂದುವರಿಯಿರಿ. ಪ್ರತಿ ತಪ್ಪಿಗೂ ನಿಲ್ಲಿಸಿದರೆ ನೀವು ರೂಢಿ ಮಾಡಿಕೊಳ್ಳುತ್ತಿರುವುದು ನಿಲ್ಲಿಸುವುದನ್ನೇ, ಮತ್ತೆ ಮೊದಲ ಇಪ್ಪತ್ತು ಸೆಕೆಂಡ್‌ ಮಾತ್ರ ಪಳಗಿ ಉಳಿದದ್ದು ಹಸಿಯಾಗಿಯೇ ಇರುತ್ತದೆ.

ಆಯ್ಕೆಯನ್ನು ಅದೇ ದಿನ ಮಾಡಬೇಡಿ. ಮಾರನೇ ಬೆಳಗ್ಗೆ ಮೊದಲು ಕಣ್ಣು ಮುಚ್ಚಿ ಕೇಳಿ, ಪದಗಳು ಬಿಡಿಸಿ ಕೇಳುತ್ತವೆಯೇ ಎಂದು. ಆಮೇಲೆ ಸದ್ದು ನಿಲ್ಲಿಸಿ ನೋಡಿ, ಕಣ್ಣು ಲೆನ್ಸಿನ ಮೇಲಿದೆಯೇ ಎಂದು. ಕೊನೆಗೆ ನಿಮ್ಮ ವಿಷಯ ಓದದ ಒಬ್ಬರಿಗೆ ಒಂದೇ ಸಲ ತೋರಿಸಿ. ‘ಚೆನ್ನಾಗಿದೆಯಾ’ ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ‘ನಾನು ಏನು ಕೆಲಸ ಮಾಡಿದೆ ಅಂತ ಹೇಳು ಅಣ್ಣಾ’ ಎಂದು ಕೇಳಿ. ‘ಕಾಫಿ ಗಿಡ ಮುಟ್ಟಿ ಹುಳ ಹುಡುಕಿದ್ದು, ಬಿಸಿಲಲ್ಲಿ ಜಾಸ್ತಿ ಇತ್ತು’ ಎಂದರೆ ವಿಡಿಯೊ ಗೆದ್ದಿತು. ‘ಅಗ್ರಿಕಲ್ಚರ್‌ ಬಗ್ಗೆ ಏನೋ’ ಎಂದರೆ ನಡುಭಾಗವನ್ನು ಮತ್ತೆ ಅಜ್ಜಿಗೆ ಹೇಳಿದ ಹಾಗೆ ಹೇಳಬೇಕು.

ಒಂದೇ ಅವಕಾಶದ ಬಗೆಯಾದರೆ

ಆಗ ಮಾತಿನ ಅಳತೆ ನಿಮ್ಮ ಕೈಯಲ್ಲಿರುವುದಿಲ್ಲ, ಆದ್ದರಿಂದ ಅದೇ ಪರಿಚಯವನ್ನು ಅರವತ್ತು ಸೆಕೆಂಡಿಗೂ ಹೇಳಿ ಅಭ್ಯಾಸ ಮಾಡಿ. ಮೊಟಕು ಮಾಡುವಾಗ ಕೆಲಸದ ಭಾಗವನ್ನು ಕತ್ತರಿಸದೆ, ಉಳಿದ ಪ್ರಶ್ನೆ ಮತ್ತು ಕೋರ್ಸಿನ ಭಾಗಗಳನ್ನು ಒಂದೊಂದು ವಾಕ್ಯಕ್ಕೆ ಇಳಿಸಿ. ಕೀರಾದಲ್ಲಿ ಅಭ್ಯಾಸದ ಪ್ರಶ್ನೆಗಳಿಗೆ ಎಷ್ಟು ಸಲ ಬೇಕಾದರೂ ಉತ್ತರಿಸಬಹುದು, ಅವನ್ನು ನಿಜವಾದ ಕೋಣೆ, ನಿಜವಾದ ಮೈಕ್‌ನಲ್ಲೇ ಮಾಡಿ. ಯೋಚನೆಯ ಸೆಕೆಂಡುಗಳಲ್ಲಿ ವಾಕ್ಯ ಕಟ್ಟಲು ಹೋಗಬೇಡಿ, ಮೂರು ಪದ ಗೀಚಿಕೊಂಡು ಉಸಿರು ಹೊರಬಿಡಿ.

ತೋಟದ ಮನೆಯಲ್ಲಿ ಕರೆಂಟ್‌, ಸಿಗ್ನಲ್‌ ಎರಡೂ ಕೈಕೊಡುವಂತಿದ್ದರೆ ಈ ಬಗೆಯ ವಿಡಿಯೊಗೆ ಮಾತ್ರ ಹಾಸನ ಅಥವಾ ಚಿಕ್ಕಮಗಳೂರು ಪೇಟೆಯ ನೆಂಟರ ಮನೆಗೆ ಹೋಗುವುದು ಒಳ್ಳೆಯದು. ಆದರೆ ಹಿಂದಿನ ದಿನವೇ ಹೋಗಿ, ಅದೇ ಹೊತ್ತಿಗೆ ಅಭ್ಯಾಸದ ಪ್ರಶ್ನೆ ಮಾಡಿ ನೋಡಿ. ರೂಟರ್‌ ಆರಿದರೆ ಬಳಸಲು ಮೊಬೈಲ್‌ ಹಾಟ್‌ಸ್ಪಾಟ್‌ ಮೊದಲೇ ಜೋಡಿಸಿಟ್ಟಿರಲಿ. ಮಧ್ಯೆ ಸಂಪರ್ಕ ಕಡಿದರೆ ಪರದೆಯ ಫೋಟೊ ತೆಗೆದು, ಹೊತ್ತು ಬರೆದು, ತಾಣದ ಸಹಾಯ ವಿಭಾಗಕ್ಕೂ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೂ ಕೂಡಲೇ ಮೇಲ್‌ ಹಾಕಿ.

ಕಳಿಸುವುದು

ಫೋನಿನ 1080p ವಿಡಿಯೊ ತೊಂಬತ್ತು ಸೆಕೆಂಡಿಗೆ ಸುಮಾರು 100ರಿಂದ 200 ಎಂಬಿ ಆಗುತ್ತದೆ. ಅಪ್‌ಲೋಡ್‌ ವೇಗ 2 Mbps ಇದ್ದರೆ 100 ಎಂಬಿಗೇ ಏಳು ನಿಮಿಷ ಹಿಡಿಯುತ್ತದೆ. ಮೇಲ್‌ನಲ್ಲಿ ಹೇಳಿದ ಗಾತ್ರದ ಮಿತಿ ಮತ್ತು ಕಡತದ ಬಗೆ ನೋಡಿಕೊಳ್ಳಿ, ಏನೂ ಹೇಳದಿದ್ದರೆ MP4 ಕಳಿಸಿ. ಐಫೋನ್‌ ಆದರೆ ರೆಕಾರ್ಡ್‌ ಮಾಡುವ ಮುಂಚೆಯೇ Settings > Camera > Formats ನಲ್ಲಿ Most Compatible ಆರಿಸಿಡಿ. ಆದರೂ ಕಡತದ ಹೆಸರು .MOV ಎಂದೇ ಮುಗಿಯುತ್ತದೆ, ತಾಣ ಅದನ್ನು ಒಪ್ಪುತ್ತದೆಯೇ ಎಂದು ನೋಡಿ. ಫೋನಿನಿಂದ ಲ್ಯಾಪ್‌ಟಾಪಿಗೆ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿಕೊಂಡರೆ ಅದು ಕುಗ್ಗಿ ಮಸುಕಾಗುತ್ತದೆ. ಕೇಬಲ್‌ ಬಳಸಿ, ಇಲ್ಲವೇ Document ಆಗಿ ಕಳಿಸಿಕೊಳ್ಳಿ.

ಕೊನೆಯ ಹೊತ್ತನ್ನು ನಮ್ಮ ಗಡಿಯಾರಕ್ಕೆ ತಿರುಗಿಸಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಚಳಿಗಾಲದ 23:59 ಎಂದರೆ ನಮಗೆ ಮಾರನೇ ಬೆಳಗಿನ ಜಾವ 4:29, ಬೇಸಿಗೆಯಲ್ಲಿ 3:29. ಆ ಹೊತ್ತಿನವರೆಗೆ ಕಾಯದೆ ಎರಡು ದಿನ ಮುಂಚೆ ಹಗಲಿನಲ್ಲೇ ಕಳಿಸಿ. ಅಪ್‌ಲೋಡ್‌ ಆದ ಮೇಲೆ ಅದೇ ಪುಟದಲ್ಲಿ ವಿಡಿಯೊವನ್ನು ಮತ್ತೆ ತೆರೆಯಲು ಬಿಟ್ಟರೆ ಕೊನೆಯ ಸೆಕೆಂಡಿನವರೆಗೂ ನೋಡಿ, ಅರ್ಧಕ್ಕೆ ನಿಂತ ಕಡತವೂ ಎಷ್ಟೋ ಸಲ ‘ಯಶಸ್ವಿ’ ಎಂದೇ ತೋರಿಸುತ್ತದೆ. ಮೂಲ ಕಡತವನ್ನು ಪ್ರವೇಶದ ಫಲಿತಾಂಶ ಬರುವವರೆಗೆ ಫೋನಿನಿಂದ ಅಳಿಸಬೇಡಿ.